95 ಬದುಕುತ್ತಾರೆ, 5 ಸಾಯುತ್ತಾರೆ: ಅಪ್ಪನ ಯಾವ ಮಾತನ್ನು ಹಿಡಿಯಬೇಕು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಅಪ್ಪನಿಗೆ 71 ವರ್ಷ, ಮಾಟುಂಗಾದ ಹೋಟೆಲೊಂದರಲ್ಲಿ ಬಹಳ ಕಾಲ ದುಡಿದು ಈಗ ಮನೆಯಲ್ಲಿದ್ದಾರೆ. ಬೈಪಾಸ್ ಮಾಡಿಸಬೇಕು ಅಂತ ಹೇಳಿದ್ದಾರೆ. ಪರೇಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು "100ರಲ್ಲಿ 95 ಮಂದಿ ಆರಾಮಾಗಿ ಮನೆಗೆ ಹೋಗ್ತಾರೆ" ಅಂದರು. ಅಪ್ಪ ಅಲ್ಲೇ ಒಪ್ಪಿದರು. ಆಮೇಲೆ ಇನ್ನೊಂದು ಕಡೆ ತೋರಿಸಿದಾಗ "ಈ ವಯಸ್ಸಿಗೆ 5 ಪರ್ಸೆಂಟ್ ಸಾಯುವ ರಿಸ್ಕ್ ಇದೆ" ಅಂದರು. ಅವತ್ತಿನಿಂದ ಅಪ್ಪ ಬೇಡವೇ ಬೇಡ ಅನ್ನುತ್ತಿದ್ದಾರೆ. ಎರಡೂ ಒಂದೇ ಲೆಕ್ಕ ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ. ಅಣ್ಣ ಮಾತ್ರ "ಮೊದಲು ಒಪ್ಪಿದ್ದೇ ಖರೆ, ಎರಡನೇ ಡಾಕ್ಟರ ಮಾತು ಎತ್ತಲೇಬೇಡಿ" ಅನ್ನುತ್ತಾನೆ. ಅಪ್ಪನ ಯಾವ ಮಾತನ್ನು ನಾವು ಹಿಡಿಯಬೇಕು? ಅವರ ಹತ್ತಿರ ಹೇಗೆ ಮಾತಾಡಬೇಕು?

ಉತ್ತರ:

ಸದ್ಯಕ್ಕೆ ಎರಡನ್ನೂ ಹಿಡಿಯಬೇಡಿ. ಮೊದಲ ದಿನ ಅವರು ಒಪ್ಪಿದ್ದು ಡಾಕ್ಟರು ಹೇಳಿದ ರೀತಿಗೆ, ಎರಡನೇ ಸಲ ಬೇಡ ಅಂದದ್ದೂ ಹೇಳಿದ ರೀತಿಗೇ. ಆಪರೇಷನ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅವರು ಇನ್ನೂ ಉತ್ತರ ಕೊಟ್ಟೇ ಇಲ್ಲ. ಅಣ್ಣ ಹೇಳುವಂತೆ ಎರಡನೆಯ ಡಾಕ್ಟರ ಮಾತನ್ನು ಮುಚ್ಚಿಟ್ಟರೆ, ಅಪ್ಪನ ನಿರ್ಧಾರವನ್ನು ಮನೆಯವರೇ ತೆಗೆದುಕೊಂಡ ಹಾಗಾಗುತ್ತದೆ. ಆಪರೇಷನ್ ಹಿಂದಿನ ದಿನ ಸಹಿಗೆ ಬರುವ ಒಪ್ಪಿಗೆ ಪತ್ರದಲ್ಲಿ ಸಾವಿನ ಅಪಾಯದ ಮಾತು ಇದ್ದೇ ಇರುತ್ತದೆ. ವಾರ್ಡಿನ ಮಂಚದ ಮೇಲೆ ಕೂತು ಮೊದಲ ಸಲ ಅದನ್ನು ಕೇಳಿದವರು ಅಲ್ಲಿಂದಲೇ ಎದ್ದು ಮನೆಗೆ ಹೊರಡುವುದುಂಟು.

ನಾನು ಹೃದಯದ ಡಾಕ್ಟರಲ್ಲ. ಜನ ಅಪಾಯದ ಅಂಕಿಗಳನ್ನು ಕೇಳಿ ಹೇಗೆ ನಿರ್ಧರಿಸುತ್ತಾರೆ ಎಂಬುದು ನನ್ನ ಅಧ್ಯಯನದ ವಿಷಯ. ಹಾಗಾಗಿ ಬೈಪಾಸ್ ಮಾಡಿಸಿ, ಬಿಡಿ ಎಂದು ನಾನು ಹೇಳುವುದಿಲ್ಲ. ಅಪ್ಪನಿಗೆ ಆದದ್ದು ಏನು, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಹೇಳಬಲ್ಲೆ.

ಅಪ್ಪನಿಗೆ ಲೆಕ್ಕ ಅರ್ಥವಾಗಲಿಲ್ಲ, ವಯಸ್ಸಾಯಿತು ಎಂದು ದಯವಿಟ್ಟು ತಿಳಿಯಬೇಡಿ. 1982ರಲ್ಲಿ ಬಾರ್ಬರಾ ಮೆಕ್‌ನೀಲ್, ಸ್ಟೀಫನ್ ಪಾಕರ್, ಹೆರಾಲ್ಡ್ ಸಾಕ್ಸ್ ಮತ್ತು ಅಮೋಸ್ ಟ್ವರ್ಸ್ಕಿ ಸೇರಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ದೀರ್ಘಕಾಲದ ಕಾಯಿಲೆಗಳಿಗೆ ಓಪಿಡಿಗೆ ಬರುತ್ತಿದ್ದ 238 ರೋಗಿಗಳು, 491 ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು 424 ವೈದ್ಯರು ಅದರಲ್ಲಿದ್ದರು. ನಿಮಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದುಕೊಳ್ಳಿ, ಆಪರೇಷನ್ ಮತ್ತು ರೇಡಿಯೇಷನ್ ಎರಡರಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದು ಅವರ ಮುಂದಿಟ್ಟ ಪ್ರಶ್ನೆ.

ಒಂದು ಗುಂಪಿಗೆ ಬದುಕುವವರ ಲೆಕ್ಕ ಕೊಟ್ಟರು. ಆಪರೇಷನ್ ಮಾಡಿಸಿಕೊಂಡ 100 ಜನರಲ್ಲಿ 90 ಮಂದಿ ಆಪರೇಷನ್ ಮತ್ತು ಅದರ ನಂತರದ ದಿನಗಳನ್ನು ದಾಟುತ್ತಾರೆ, ಒಂದು ವರ್ಷಕ್ಕೆ 68 ಮಂದಿ, ಐದು ವರ್ಷಕ್ಕೆ 34 ಮಂದಿ ಬದುಕಿರುತ್ತಾರೆ. ರೇಡಿಯೇಷನ್ ಪಡೆದ 100 ಜನರೂ ಚಿಕಿತ್ಸೆಯನ್ನು ದಾಟುತ್ತಾರೆ, ಒಂದು ವರ್ಷಕ್ಕೆ 77 ಮಂದಿ, ಐದು ವರ್ಷಕ್ಕೆ 22 ಮಂದಿ ಉಳಿದಿರುತ್ತಾರೆ. ಇನ್ನೊಂದು ಗುಂಪಿಗೆ ಇದೇ ಅಂಕಿಗಳನ್ನು ಮಗುಚಿ ಕೊಟ್ಟರು. ಆಪರೇಷನ್‌ನಲ್ಲಿ ಮೊದಲೇ 10 ಮಂದಿ ಸಾಯುತ್ತಾರೆ, ವರ್ಷಕ್ಕೆ 32, ಐದು ವರ್ಷಕ್ಕೆ 66. ರೇಡಿಯೇಷನ್‌ನಲ್ಲಿ ಚಿಕಿತ್ಸೆಯ ವೇಳೆ ಯಾರೂ ಸಾಯುವುದಿಲ್ಲ, ವರ್ಷಕ್ಕೆ 23, ಐದು ವರ್ಷಕ್ಕೆ 78.

ಬದುಕುವವರ ಲೆಕ್ಕ ನೋಡಿದವರಲ್ಲಿ ಶೇ 18ರಷ್ಟು ಜನ ರೇಡಿಯೇಷನ್ ಆರಿಸಿದರು. ಸಾಯುವವರ ಲೆಕ್ಕ ನೋಡಿದವರಲ್ಲಿ ಶೇ 44ರಷ್ಟು. ವೈದ್ಯರಲ್ಲೂ ಈ ಅಂತರವೇನೂ ಕಡಿಮೆ ಇರಲಿಲ್ಲ. ಇಡೀ ಅಧ್ಯಯನದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ದಿನಬೆಳಗಾದರೆ ಇಂಥ ಅಂಕಿಗಳ ನಡುವೆ ಇರುವವರೂ 90 ಉಳಿದರೆ 10 ಹೋಗುತ್ತಾರೆ ಎಂಬುದನ್ನು ತಾವಾಗಿ ಮಗುಚಿ ನೋಡಲಿಲ್ಲ, ಕೊಟ್ಟ ರೂಪದಲ್ಲೇ ತೂಗಿದರು. ಹೀಗಿರುವಾಗ ನಿಮ್ಮ ಅಪ್ಪನನ್ನು ಹಟಮಾರಿ ಅನ್ನುವುದು ಅನ್ಯಾಯ. (ಇವು 1982ರ ಅಂಕಿಗಳು. ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆ ಅಲ್ಲಿಂದ ತುಂಬಾ ಬದಲಾಗಿದೆ. ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರೆ ಈ ಅಂಕಿಗಳನ್ನು ಖಂಡಿತ ಹಿಡಿಯಬೇಡಿ.)

ಹೀಗೇಕೆ ಆಗುತ್ತದೆ? ಅದೇ ಅಂಕಿಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಆಪರೇಷನ್‌ಗೆ ಒಂದು ನಷ್ಟ, ಒಂದು ಲಾಭ ಇದೆ. ಆರಂಭದಲ್ಲೇ 10 ಜೀವ ಹೋಗುವುದು ನಷ್ಟ, ಐದು ವರ್ಷಕ್ಕೆ 12 ಜೀವ ಹೆಚ್ಚು ಉಳಿಯುವುದು ಲಾಭ. ಬದುಕುವವರ ಲೆಕ್ಕದಲ್ಲಿ ನಷ್ಟ ಕಾಣುವುದು 100 ಮತ್ತು 90ರ ನಡುವೆ. ಎರಡೂ ದೊಡ್ಡ ಸಂಖ್ಯೆಗಳು, ಅಂತರ ಕಣ್ಣಿಗೆ ಹೊಡೆಯುವುದಿಲ್ಲ. ಲಾಭ ಕಾಣುವುದು 22 ಮತ್ತು 34ರ ನಡುವೆ, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಹಾಗಾಗಿ ಆಪರೇಷನ್ ಒಳ್ಳೆಯದಾಗಿ ಕಾಣುತ್ತದೆ. ಸಾಯುವವರ ಲೆಕ್ಕಕ್ಕೆ ಬನ್ನಿ. ಅಲ್ಲಿ ನಷ್ಟ ಸೊನ್ನೆ ಮತ್ತು 10ರ ನಡುವೆ ನಿಲ್ಲುತ್ತದೆ, ಒಂದು ಕಡೆ ಯಾರೂ ಸಾಯುವುದಿಲ್ಲ, ಇನ್ನೊಂದು ಕಡೆ ಹತ್ತು ಮಂದಿ. ಲಾಭ ಮಾತ್ರ 66 ಮತ್ತು 78ರ ನಡುವೆ ಹೂತುಹೋಗುತ್ತದೆ. ಖಾಲಿ ಲೋಕಲ್ ಡಬ್ಬಕ್ಕೆ ಹತ್ತು ಮಂದಿ ಹತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಆಗಲೇ 66 ಮಂದಿ ನಿಂತಿರುವ ಡಬ್ಬಕ್ಕೆ ಇನ್ನೂ ಹನ್ನೆರಡು ಮಂದಿ ಹತ್ತಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸೊನ್ನೆಯ ಪಕ್ಕದ ವ್ಯತ್ಯಾಸ ಮನಸ್ಸಿಗೆ ದೊಡ್ಡದು, ಸೊನ್ನೆಯಿಂದ ದೂರ ಹೋದಷ್ಟೂ ಅಷ್ಟೇ ವ್ಯತ್ಯಾಸ ಸಣ್ಣದಾಗುತ್ತದೆ. ಡೇನಿಯಲ್ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಒಂದು ಕಂಬ ಇದು. ಇನ್ನೊಂದು ಕಂಬ, ಅಷ್ಟೇ ಪ್ರಮಾಣದ ಲಾಭಕ್ಕಿಂತ ನಷ್ಟ ಹೆಚ್ಚು ಚುಚ್ಚುತ್ತದೆ ಎಂಬುದು. ಸಾಯುವವರ ಲೆಕ್ಕ ಕೊಟ್ಟಾಗ ಎಲ್ಲವೂ ನಷ್ಟದ ಪಟ್ಟಿಯಾಗುತ್ತದೆ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. ಅವರ ವಿಷಯದಲ್ಲಿ ಮೇಲಿನದಕ್ಕಿಂತ ದೊಡ್ಡ ತೊಂದರೆ ಒಂದಿದೆ. ಇಬ್ಬರೂ ಡಾಕ್ಟರು ಹೇಳಿದ್ದು, ಅಥವಾ ನಿಮಗೆ ನೆನಪಿರುವುದು, ಆಪರೇಷನ್ನಿನ ಅಂಕಿ ಮಾತ್ರ. ಆಪರೇಷನ್ ಮಾಡಿಸದೆ ಬರೀ ಮಾತ್ರೆಯ ಮೇಲಿದ್ದರೆ 100ರಲ್ಲಿ ಎಷ್ಟು ಮಂದಿ ಎಷ್ಟು ವರ್ಷ ಇರುತ್ತಾರೆ ಎಂಬುದು ಎಲ್ಲೂ ಬಂದಿಲ್ಲ. ಆ ಅಂಕಿ ಇಲ್ಲದಿದ್ದಾಗ ಮನಸ್ಸು ಆ ಜಾಗದಲ್ಲಿ ಸೊನ್ನೆ ಇಟ್ಟುಕೊಳ್ಳುತ್ತದೆ. "ಆಪರೇಷನ್ ಆದರೆ 5 ಮಂದಿ ಸಾಯುತ್ತಾರೆ" ಎಂಬ ಮಾತಿನ ಎದುರು "ಮನೆಯಲ್ಲಿದ್ದರೆ ಯಾರೂ ಸಾಯುವುದಿಲ್ಲ" ಎಂಬ, ಯಾರೂ ಆಡದ ಮಾತೊಂದು ನಿಂತಿರುತ್ತದೆ. ಅಪ್ಪ ಹೆದರಿರುವುದು ಆ ಹೋಲಿಕೆಗೆ. ನೀವು "95 ಅಂದರೂ 5 ಅಂದರೂ ಒಂದೇ" ಎಂದು ಎಷ್ಟು ಸಲ ಹೇಳಿದರೂ ಅದು ಕೆಲಸ ಮಾಡದಿರುವುದು ಇದಕ್ಕೇ. ನೀವು ಗಣಿತ ಹೇಳುತ್ತಿದ್ದೀರಿ, ಅವರು ಆಪರೇಷನ್ ಥಿಯೇಟರನ್ನು ಮನೆಯ ಕುರ್ಚಿಯ ಜೊತೆ ಹೋಲಿಸುತ್ತಿದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. "ಆರಾಮಾಗಿ ಮನೆಗೆ ಹೋಗ್ತಾರೆ" ಎಂಬುದೂ "ಸಾಯುವುದಿಲ್ಲ" ಎಂಬುದೂ ಒಂದೇ ಅಲ್ಲ. ಸಾಯದೆ ಉಳಿದ 95 ಮಂದಿಯಲ್ಲಿ ಕೆಲವರಿಗೆ ಪಾರ್ಶ್ವವಾಯು ಆಗಬಹುದು, ಕಿಡ್ನಿ ತೊಂದರೆ ಬರಬಹುದು, ಎದೆಯ ಗಾಯಕ್ಕೆ ಸೋಂಕು ತಗಲಬಹುದು. ಹಾಗಾಗಿ ಎರಡೂ ಮಾತು ಒಂದೇ ಲೆಕ್ಕವೇ ಎಂಬುದನ್ನು ಮೊದಲು ಕೇಳಿ ಖಚಿತ ಮಾಡಿಕೊಳ್ಳಬೇಕು. ಹೃದಯದ ಆಪರೇಷನ್ನಿನಲ್ಲಿ ಸಾವಿನ ಅಂಕಿ ಅಂದರೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿರುವಾಗಲೋ ಅಥವಾ ಆಪರೇಷನ್ ಆದ 30 ದಿನದೊಳಗೋ ಆದ ಸಾವು. ಐದು ವರ್ಷದ ಮಾತು ಅದರಲ್ಲಿ ಇರುವುದಿಲ್ಲ. ಬೈಪಾಸ್ ಮಾಡುವುದೇ ಮುಂದಿನ ವರ್ಷಗಳಿಗಾಗಿ. ಅದರ ಅಪಾಯವನ್ನು ಮೊದಲ ತಿಂಗಳಿನಲ್ಲಿ ಅಳೆದು, ಪ್ರಯೋಜನವನ್ನು ಅಳೆಯದೇ ಬಿಟ್ಟರೆ ಯಾವ ಚೌಕಟ್ಟಿನಲ್ಲಿ, ಅಂದರೆ ಬದುಕುವವರ ಲೆಕ್ಕದಲ್ಲಾಗಲಿ ಸಾಯುವವರ ಲೆಕ್ಕದಲ್ಲಾಗಲಿ, ಹೇಳಿದರೂ ಚಿತ್ರ ಅರ್ಧವೇ.

ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಇರುತ್ತದೆ. ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುತ್ತಾರೆ, ನಡುನಡುವೆ ಇಂಗ್ಲಿಷ್. ಪಕ್ಕದಲ್ಲಿ ಕೂತ ಮಗನೋ ಸೊಸೆಯೋ ಅದನ್ನು ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಅಪ್ಪನಿಗೆ ದಾಟಿಸುತ್ತಾರೆ. ಡಾಕ್ಟರು "ಸೌ ಮೇ ಪಾಂಚ್ ಕಾ ರಿಸ್ಕ್ ಹೈ" ಅಂದದ್ದನ್ನು ಮಗ "ಏನಿಲ್ಲ ಅಪ್ಪಾ, 95 ಮಂದಿಗೆ ಸರಿಯಾಗ್ತದಂತೆ" ಎಂದು ಹೇಳಿಬಿಡುತ್ತಾನೆ. ಪ್ರೀತಿಯಿಂದಲೇ ಹೇಳುವುದು. ಆದರೆ ಆ ಕ್ಷಣದಲ್ಲಿ ಚೌಕಟ್ಟು ಬದಲಿಸಿದ್ದು ಡಾಕ್ಟರಲ್ಲ, ಮಗ. ಮೊದಲ ಸಲ, ಎರಡನೇ ಸಲ ನಿಮ್ಮ ಮನೆಯಿಂದ ಜೊತೆಗೆ ಹೋದವರು ಯಾರು, ಅವರು ಅಪ್ಪನಿಗೆ ಏನೆಂದು ಹೇಳಿದರು ಎಂಬುದನ್ನು ನೆನಪಿಸಿಕೊಳ್ಳಿ. ಮುಂದಿನ ಸಲ ಹೋದಾಗ ಡಾಕ್ಟರ ಅಂಕಿಯನ್ನು ಅವರ ಎದುರಿಗೇ ಕಾಗದದ ಮೇಲೆ ಬರೆದುಕೊಂಡು, ಕನ್ನಡದಲ್ಲಿ ಎರಡೂ ರೀತಿಯಲ್ಲಿ ಅಪ್ಪನಿಗೆ ಓದಿ ಹೇಳಿ.

ಎರಡನೆಯ ಡಾಕ್ಟರು ಕೆಟ್ಟದಾಗಿ ಹೇಳಿದರು ಎಂಬ ಸಿಟ್ಟು ನಿಮ್ಮ ಪತ್ರದಲ್ಲಿ ಸ್ವಲ್ಪ ಕಾಣುತ್ತದೆ. ಅದು ಬೇಡ. ಆದರೆ ಅವರು ಸಾವಿನ ಕಡೆಯಿಂದಲೇ ಏಕೆ ಹೇಳಿದರು ಎಂಬುದು ಕೇಳಬೇಕಾದ ಪ್ರಶ್ನೆ. ಒಂದು ಚಿಕಿತ್ಸೆ ಹೋಲಿಕೆಯಲ್ಲಿ ಚೆನ್ನಾಗಿದೆ ಅನಿಸಿದಾಗ ಜನ ಅದನ್ನು ಬದುಕುವವರ ಲೆಕ್ಕದಲ್ಲಿ ಹೇಳುವುದು ಹೆಚ್ಚು, ಚೆನ್ನಾಗಿಲ್ಲ ಅನಿಸಿದಾಗ ಸಾಯುವವರ ಲೆಕ್ಕದಲ್ಲಿ. ಕ್ರೇಗ್ ಮೆಕೆಂಜಿ ಮತ್ತು ಅವರ ಜೊತೆಗಾರರು 2003ರಿಂದ ಇದನ್ನು ಪ್ರಯೋಗಗಳಲ್ಲಿ ತೋರಿಸುತ್ತ ಬಂದಿದ್ದಾರೆ. ಅಂದರೆ ಹೇಳುವವರು ಆರಿಸುವ ರೂಪದಲ್ಲೇ ಅವರ ಅಭಿಪ್ರಾಯ ಸ್ವಲ್ಪ ಸೋರಿರುತ್ತದೆ, ಕೇಳುವವರು ಅದನ್ನು ಹಿಡಿಯುತ್ತಾರೆ. ನಿಮ್ಮ ಅಪ್ಪ ವರ್ಷಗಟ್ಟಲೆ ಗಿರಾಕಿಗಳ ಮುಖ ನೋಡಿದವರು, ಡಾಕ್ಟರ ದನಿಯಲ್ಲಿ "ನಾನಾದರೆ ಮಾಡಿಸುವುದಿಲ್ಲ" ಎಂಬುದನ್ನು ಕೇಳಿಸಿಕೊಂಡಿರಬಹುದು. ಅದು ಸರಿಯೂ ಇರಬಹುದು, ತಪ್ಪೂ ಇರಬಹುದು. ಆದ್ದರಿಂದ ಊಹೆಗೆ ಬಿಡದೆ ನೇರವಾಗಿ ಕೇಳಿ: "ಡಾಕ್ಟರೇ, ನಮ್ಮ ಅಪ್ಪನಿಗೆ ನಿಮ್ಮ ಸಲಹೆ ಏನು, ಯಾಕೆ?" ಸಲಹೆ ಬಾಯಿಬಿಟ್ಟು ಬಂದರೆ, ಅಂಕಿಯ ರೂಪದೊಳಗೆ ಅದನ್ನು ಹುಡುಕುವ ಕಷ್ಟ ಅಪ್ಪನಿಗೆ ಇರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಒಂದು ಕಾಗದದ ಮೇಲೆ ಎರಡು ಸಾಲು ಹಾಕಿ, ಒಂದು ಬೈಪಾಸಿಗೆ, ಇನ್ನೊಂದು ಬರೀ ಔಷಧಕ್ಕೆ. ಸ್ಟೆಂಟ್ ಹಾಕುವ ಮಾತೂ ಇದ್ದರೆ ಮೂರನೆಯ ಸಾಲು. ಪ್ರತಿ ಸಾಲಿನಲ್ಲೂ ಅದೇ ಕಾಲಘಟ್ಟಗಳು: ಮೊದಲ 30 ದಿನ, ಒಂದು ವರ್ಷ, ಐದು ವರ್ಷ. ಪ್ರತಿ ಕಾಲಘಟ್ಟಕ್ಕೂ ಎರಡು ಅಂಕಿ: 100ರಲ್ಲಿ ಎಷ್ಟು ಮಂದಿ ಇರುತ್ತಾರೆ, ಎಷ್ಟು ಮಂದಿ ಇರುವುದಿಲ್ಲ. ಎರಡೂ ಕೂಡಿದರೆ 100 ಆಗಬೇಕು, ಆಗದಿದ್ದರೆ ಎಲ್ಲೋ ತಪ್ಪು ಕೇಳಿಸಿಕೊಂಡಿದ್ದೀರಿ. ಒಂದು ಕಡೆ ಪರ್ಸೆಂಟ್, ಇನ್ನೊಂದು ಕಡೆ "ಇಪ್ಪತ್ತರಲ್ಲಿ ಒಬ್ಬರು" ಎಂದು ಬೆರೆಸಬೇಡಿ, ಎಲ್ಲವೂ ನೂರರ ಲೆಕ್ಕದಲ್ಲೇ ಇರಲಿ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಚಿಕಿತ್ಸೆಗೆ ಬದುಕುವವರನ್ನೂ ಇನ್ನೊಂದಕ್ಕೆ ಸಾಯುವವರನ್ನೂ ಹೇಳುವ ಮಾತು ಬಂದರೆ ಅಲ್ಲೇ ತಡೆದು ಕೇಳಿ. "ಆಪರೇಷನ್ ಆದರೆ 95 ಮಂದಿ ಉಳಿಯುತ್ತಾರೆ, ಮಾಡಿಸದಿದ್ದರೆ ಇಷ್ಟು ಮಂದಿ ಸಾಯುತ್ತಾರೆ" ಎಂಬುದರಲ್ಲಿ ಸುಳ್ಳಿಲ್ಲ, ಆದರೆ ತಕ್ಕಡಿಯ ಒಂದು ತಟ್ಟೆಯನ್ನು ಯಾರೋ ಒತ್ತಿ ಹಿಡಿದಿದ್ದಾರೆ.

ಈ ಅಂಕಿಗಳು ನಿಮ್ಮ ಅಪ್ಪನವೇ ಆಗಿರಬೇಕು. "ಈ ವಯಸ್ಸಿಗೆ" ಎಂಬುದು ಸಾಲದು. ಬೈಪಾಸಿನ ಆರಂಭದ ಅಪಾಯವನ್ನು ಅಂದಾಜಿಸಲು ಯುರೋಸ್ಕೋರ್ ತರಹದ ಲೆಕ್ಕದ ಪಟ್ಟಿಗಳಿವೆ. ವಯಸ್ಸಿನ ಜೊತೆಗೆ ಕಿಡ್ನಿ ಹೇಗಿದೆ, ಹೃದಯದ ಪಂಪಿಂಗ್ ಎಷ್ಟಿದೆ, ಇನ್ಸುಲಿನ್ ಮೇಲೆ ಇದ್ದಾರೆಯೇ, ಆಪರೇಷನ್ ತುರ್ತಿನದೋ ಅಲ್ಲವೋ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಅಪ್ಪನಿಗೆ ಆ ಲೆಕ್ಕ ಮಾಡಿದ್ದಾರೆಯೇ, ಎಷ್ಟು ಬಂತು, ತಮ್ಮ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆ ಹೇಗೆ ಆಗಿದೆ ಎಂದು ಇಬ್ಬರೂ ಡಾಕ್ಟರನ್ನು ಕೇಳಿ. ಇಬ್ಬರ ಅಂಕಿ ನಿಜವಾಗಿ ಬೇರೆ ಬೇರೆ ಎಂದು ಆಗ ಗೊತ್ತಾದರೂ ಗೊತ್ತಾಗಬಹುದು. ಹಾಗಾದರೆ ನಿಮ್ಮ ಮನೆಯ ಜಗಳ ಚೌಕಟ್ಟಿನದ್ದಲ್ಲ, ಅಂಕಿಯದೇ, ಅದನ್ನು ಬೇರೆಯಾಗಿ ಬಗೆಹರಿಸಬೇಕು.

ಕಾಗದ ತುಂಬಿದ ಮೇಲೆ ಅಪ್ಪನ ಜೊತೆ ಒಬ್ಬರೇ ಕೂತುಕೊಳ್ಳಿ. ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಎಲ್ಲ ಸುತ್ತ ಕೂತಿದ್ದರೆ ಅವರು ಮನಸ್ಸು ಬಿಚ್ಚುವುದಿಲ್ಲ. ಮೊದಲು ಬೈಪಾಸಿನ ಸಾಲನ್ನು ಎರಡೂ ರೀತಿಯಲ್ಲಿ ಓದಿ, ಆಮೇಲೆ ಔಷಧದ ಸಾಲನ್ನು ಎರಡೂ ರೀತಿಯಲ್ಲಿ. ನಂತರ "ನೀವು ಏನು ಕೇಳಿಸಿಕೊಂಡಿರಿ, ನಿಮ್ಮ ಮಾತಲ್ಲಿ ಹೇಳಿ ಅಪ್ಪಾ" ಎನ್ನಿ. ಅವರು "ಐದು ಮಂದಿ ಸಾಯ್ತಾರಂತೆ" ಎಂದಷ್ಟೇ ಹೇಳಿದರೆ ಎರಡನೆಯ ಸಾಲು ಇನ್ನೂ ತಲೆಗೆ ಹೋಗಿಲ್ಲ ಎಂದರ್ಥ. ಎರಡೂ ಸಾಲು ಅವರ ಬಾಯಲ್ಲಿ ಬಂದಾಗ ಮಾತ್ರ ಬೇಕೋ ಬೇಡವೋ ಎಂದು ಕೇಳಿ.

ಎರಡೂ ರೂಪ ಒಟ್ಟಿಗೆ ಕೊಡುವುದರಿಂದ ಉಪಯೋಗವಿದೆಯೇ? ಇದೆ ಅನ್ನಲು ಆಧಾರವಿದೆ, ಆದರೆ ಇದು ಮಂತ್ರವಲ್ಲ. 2002ರಲ್ಲಿ ಕ್ಯಾಟ್ರಿನಾ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಕೆಲವರಿಗೆ ಬದುಕುವವರ ರೇಖಾಚಿತ್ರ, ಕೆಲವರಿಗೆ ಸಾಯುವವರ ರೇಖಾಚಿತ್ರ, ಇನ್ನು ಕೆಲವರಿಗೆ ಎರಡನ್ನೂ ತೋರಿಸಿದರು. ಸಾಯುವವರ ರೇಖೆಯನ್ನು ಮಾತ್ರ ನೋಡಿದವರು ಅಂಕಿಗಳನ್ನು ಕಡಿಮೆ ಅರ್ಥ ಮಾಡಿಕೊಂಡರು, ಆಪರೇಷನ್ನಿಗೆ ಒಪ್ಪಿದ್ದೂ ಕಡಿಮೆ. ಎರಡನ್ನೂ ನೋಡಿದವರು ಬದುಕುವವರ ರೇಖೆ ನೋಡಿದವರಷ್ಟೇ ಚೆನ್ನಾಗಿ ಅರ್ಥ ಮಾಡಿಕೊಂಡರು. ನಿಮ್ಮ ಅಪ್ಪ ಎರಡನೆಯ ಆಸ್ಪತ್ರೆಯಲ್ಲಿ ಇದ್ದದ್ದು ಸಾಯುವವರ ರೇಖೆಯನ್ನು ಮಾತ್ರ ನೋಡಿದ ಗುಂಪಿನ ಜಾಗದಲ್ಲೇ.

ಚೌಕಟ್ಟಿನ ಈ ಪರಿಣಾಮದ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನೀವು ಎಲ್ಲದಕ್ಕೂ ಇದನ್ನೇ ಕಾರಣ ಮಾಡುತ್ತೀರಿ. ಇದರಲ್ಲಿ ಹೆಚ್ಚು ಹೆಸರಾದ ಪ್ರಯೋಗ 1981ರದು. 600 ಜನರ ಜೀವಕ್ಕೆ ಕುತ್ತು ತಂದ ರೋಗ. "200 ಜನ ಖಂಡಿತ ಉಳಿಯುತ್ತಾರೆ" ಅಂದಾಗ ಶೇ 72 ಮಂದಿ ಆ ಖಚಿತ ದಾರಿ ಹಿಡಿದರು. ಅದನ್ನೇ "400 ಜನ ಖಂಡಿತ ಸಾಯುತ್ತಾರೆ" ಅಂದಾಗ ಶೇ 78 ಮಂದಿ ಅದನ್ನು ಬಿಟ್ಟು, ಎಲ್ಲರೂ ಉಳಿಯಬಹುದು ಇಲ್ಲವೇ ಎಲ್ಲರೂ ಸಾಯಬಹುದು ಎಂಬ ಅದೃಷ್ಟದ ದಾರಿ ಹಿಡಿದರು. ಆದರೆ ಇವೆಲ್ಲ ಕಾಗದದ ಮೇಲಿನ ಊಹೆಯ ಪ್ರಶ್ನೆಗಳು. ನಿಜವಾದ ಆರೋಗ್ಯದ ನಿರ್ಧಾರಗಳಲ್ಲಿ ಏನಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2011ರ ಕಾಕ್ರೇನ್ ವಿಮರ್ಶೆ ನೋಡಿದಾಗ, ಚೌಕಟ್ಟಿನಿಂದ ಜನರ ನಡವಳಿಕೆ ಒಂದೇ ದಿಕ್ಕಿಗೆ ಬದಲಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ನಿಜ ಜೀವನದಲ್ಲಿ ನೋವು, ಖರ್ಚು, ಮನೆಯವರ ಮಾತು, ಊರಲ್ಲಿ ಯಾರಿಗೋ ಬೈಪಾಸಿನಲ್ಲಿ ಆದದ್ದು ಎಲ್ಲವೂ ತೂಗುತ್ತವೆ. ಅಪ್ಪನ ಭಯಕ್ಕೂ ಅಂಥ ಬೇರೆ ಕಾರಣ ಇರಬಹುದು. ಜೊತೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಆಪರೇಷನ್ನಿನಲ್ಲಿ ತೀರಿಕೊಂಡಿದ್ದಾರೆಯೇ ಎಂದು ವಿಚಾರಿಸಿ. ಹಾಗಿದ್ದರೆ ಅಂಕಿಯ ಕಾಗದ ಎಷ್ಟು ಚೆನ್ನಾಗಿದ್ದರೂ ಮೊದಲು ಆ ಮಾತು ಮುಗಿಯಬೇಕು.

ಇಷ್ಟೆಲ್ಲ ಆದಮೇಲೂ ಅಪ್ಪ ಬೇಡ ಅನ್ನಬಹುದು. ಅದಕ್ಕೆ ಒಳ್ಳೆಯ ಕಾರಣವೂ ಇರಬಹುದು. ಮೆಕ್‌ನೀಲ್ ಅವರೇ 1978ರಲ್ಲಿ, ಮೇಲಿನ ಅಧ್ಯಯನಕ್ಕೂ ಮೊದಲು, ಶ್ವಾಸಕೋಶದ ಕ್ಯಾನ್ಸರ್ ಇದ್ದ ರೋಗಿಗಳ ಮನಸ್ಸು ತಿಳಿಯಲು ಹೊರಟಾಗ ಇದನ್ನೇ ಕಂಡರು. ಐದು ವರ್ಷದ ಅಂಕಿ ಆಪರೇಷನ್ನಿನ ಪರವಾಗಿದ್ದರೂ, ಈಗಿಂದೀಗಲೇ ಸಾಯುವ ಅಪಾಯವನ್ನು ತೀರಾ ಒಲ್ಲದವರಿಗೆ ರೇಡಿಯೇಷನ್ನೇ ಹೆಚ್ಚು ಹೊಂದುತ್ತಿತ್ತು. ಹತ್ತಿರದ ವರ್ಷವನ್ನು ದೂರದ ವರ್ಷಗಳಿಗಿಂತ ಹೆಚ್ಚು ಬೆಲೆಯಿಂದ ನೋಡುವುದು ತಪ್ಪಲ್ಲ. ಮೊಮ್ಮಗಳ ಮದುವೆ ನೋಡಬೇಕು ಎಂದಿರುವವರಿಗೆ ಮೊದಲ 30 ದಿನದ ಅಪಾಯವೇ ದೊಡ್ಡದಾಗಿ ಕಾಣುವುದು ಸಹಜ. ಇನ್ನೂ ಹತ್ತು ವರ್ಷ ಮೆಟ್ಟಿಲು ಹತ್ತಿ ಲೋಕಲ್ ಹಿಡಿದು ಓಡಾಡಬೇಕು ಎಂದಿರುವವರ ಲೆಕ್ಕ ಬೇರೆ. ಅಪ್ಪನಿಗೆ ಯಾವುದು ಬೇಕು ಎಂದು ಕೇಳಿ. ಅವರ ಉತ್ತರ ಡಾಕ್ಟರಿಗೂ ತಿಳಿಯಬೇಕು, ಏಕೆಂದರೆ ಆಪರೇಷನ್ ಯಾವಾಗ ಎಂಬ ಮಾತೂ ಅದರ ಮೇಲೆ ನಿಲ್ಲುತ್ತದೆ. ಹೃದಯದ ಸ್ಥಿತಿ ತಡೆಯುವಂತಿದ್ದರೆ ಕೆಲವು ವಾರ ಮುಂದೂಡಬಹುದೇ ಎಂಬುದನ್ನು ಅವರೇ ಹೇಳಬೇಕು.

ಅವರ ಉತ್ತರ ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಎರಡು ಮೂರು ದಿನ ಬಿಟ್ಟು ಕಾಗದವನ್ನು ಮತ್ತೆ ತೆಗೆಯಿರಿ. ಈ ಸಲ ಸಾಯುವವರ ಅಂಕಿಯಿಂದ ಶುರು ಮಾಡಿ ಓದಿ. ಉತ್ತರ ಮೊದಲಿನದೇ ಆಗಿದ್ದರೆ ಅದು ಅವರ ಮಾತು, ಅಣ್ಣನಿಗೂ ಹಾಗೇ ಹೇಳಿ. ಮತ್ತೆ ತಿರುಗಿದರೆ ಅವರಿಗೆ ಎರಡೂ ದಾರಿ ಹತ್ತಿರಹತ್ತಿರ ಸಮ ಅನಿಸುತ್ತಿದೆ ಎಂದರ್ಥ. ಆಗ ಅಪ್ಪನನ್ನು ಇನ್ನಷ್ಟು ಕಾಡಬೇಡಿ. ಅವರನ್ನೂ ಆ ಕಾಗದವನ್ನೂ ಕರೆದುಕೊಂಡು, ಇಬ್ಬರಲ್ಲಿ ಯಾರ ಮೇಲೆ ಅವರಿಗೆ ನಂಬಿಕೆಯಿದೆಯೋ ಆ ಡಾಕ್ಟರ ಹತ್ತಿರ ಹೋಗಿ, ಅವರ ಸಲಹೆಯನ್ನು ಅಪ್ಪನ ಎದುರಿನಲ್ಲೇ ಕೇಳಿ.